ಇಮೇಲ್ ಒಂದೇ, ಮನುಷ್ಯರು ಇಬ್ಬರು

ಶನಿವಾರ ಬೆಳಿಗ್ಗೆ ಏಳೂವರೆ. ಹಾಸನದಿಂದ ಸರೋಜತ್ತೆ ಫೋನು.

"ಏನೇ, ನಿಮ್ಮ ಆ್ಯಪಿನಲ್ಲಿ ನನ್ನ ದುಡ್ಡು ಸೊನ್ನೆ ತೋರಿಸ್ತಿದೆ. ಏಳುನೂರ ಅರವತ್ತು ರೂಪಾಯಿ ಇತ್ತು. ಹಳೆ ಆರ್ಡರ್ ಒಂದೂ ಇಲ್ಲ. ನೀನೇ ಮಾಡಿದ್ದಲ್ವಾ ಅದನ್ನ?"

ಹೌದು, ನಾನೇ ಮಾಡಿದ್ದು. ಬಸವನಗುಡಿಯಲ್ಲಿರೋ ನಮ್ಮ ಪುಟ್ಟ ಆಫೀಸಿನಲ್ಲಿ ಚಕ್ಕುಲಿ, ಕೋಡುಬಳೆ, ಉಪ್ಪಿನಕಾಯಿ ತರಿಸಿಕೊಳ್ಳೋ ಆ್ಯಪ್ ನಡೆಸುತ್ತೇವೆ. ಸರ್ವರ್ ಕಡೆಯ ಕೆಲಸಕ್ಕೆ ಇಬ್ಬರೇ: ನಾನು, ಪ್ರಭಾಕರ್ ಸರ್. ನಾಲ್ಕು ವರ್ಷದಿಂದ ಜನ ಇಮೇಲ್ ಮತ್ತು ಪಾಸ್‌ವರ್ಡ್ ಹಾಕಿ ನೋಂದಾಯಿಸಿಕೊಂಡು, ವ್ಯಾಲೆಟ್‌ಗೆ ದುಡ್ಡು ತುಂಬಿ, ತಿಂಡಿ ತರಿಸುತ್ತಾ ಇದ್ದರು. "ಪಾಸ್‌ವರ್ಡ್ ಮರೆತೋಯ್ತು" ಅನ್ನೋ ಫೋನುಗಳು ಜಾಸ್ತಿಯಾದವು ಅಂತ ಗುರುವಾರ ಸಂಜೆ ನಾನು 'ಗೂಗಲ್ ಮೂಲಕ ಲಾಗಿನ್' ಬಟನ್ ಸೇರಿಸಿ ಬಿಟ್ಟಿದ್ದೆ. ಶುಕ್ರವಾರ ಎಲ್ಲರೂ ಚೆನ್ನಾಗಿದೆ ಅಂದರು. ಶನಿವಾರ ಅತ್ತೆ.

ಅತ್ತೆಯದ್ದು ಬೇಗ ಅರ್ಥವಾಯಿತು. ಅವರ ಖಾತೆ ಮಾಡಿಕೊಟ್ಟಿದ್ದು ಪುಣೆಯಲ್ಲಿರೋ ಮಗ ಗಿರೀಶ, ಅವನ ಇಮೇಲ್ ಹಾಕಿ. ಈಗ ಅತ್ತೆ ತಮ್ಮ ಫೋನಿನಲ್ಲಿ ಹೊಸ ಬಟನ್ ಒತ್ತಿದಾಗ ಬಂದಿದ್ದು ಅತ್ತೆಯ ಜಿಮೇಲ್. ನಮ್ಮ ಸರ್ವರ್‌ಗೆ ಆ ಇಮೇಲ್ ಗೊತ್ತಿಲ್ಲ. ಹೊಸಬರು ಅಂದುಕೊಂಡು ಖಾಲಿ ಖಾತೆ ತೆರೆದು ಒಳಗೆ ಕರೆದುಕೊಂಡಿತು. ದುಡ್ಡು ಎಲ್ಲೂ ಹೋಗಿರಲಿಲ್ಲ, ಹಳೆ ಖಾತೆಯಲ್ಲಿ ಕ್ಷೇಮವಾಗಿತ್ತು. "ಅತ್ತೆ, ಸೋಮವಾರ ಸರಿ ಮಾಡ್ತೀನಿ" ಅಂತ ಹೇಳಿ ಕಾಫಿ ಇಟ್ಟೆ.

ಕಾಫಿ ಉಕ್ಕೋ ಮುಂಚೆ ಎರಡನೇ ಫೋನು, ಕಸ್ಟಮರ್ ಕೇರ್‌ನಿಂದ ನನಗೆ ದಾಟಿಸಿದ್ದು. ಹುಬ್ಬಳ್ಳಿಯ ಪಾಟೀಲ್ ಅನ್ನೋರು. "ಮೇಡಂ, ನಾ ನಿನ್ನೆ ಫಸ್ಟ್ ಟೈಮ್ ನಿಮ್ ಆ್ಯಪ್ ಹಾಕೀನ್ರೀ. ಗೂಗಲ್ ಒತ್ತಿದ್ರ ಬೆಂಗಳೂರಿನ ಯಾರದೋ ಮನಿ ಅಡ್ರೆಸ್, ಫೋನ್ ನಂಬರ್, ಹನ್ನೊಂದುನೂರು ರೂಪಾಯಿ ಎಲ್ಲಾ ಕಾಣಾಕತ್ತಾವ್ರೀ. ಇದು ನಂದಲ್ಲ."

ಈ ಸಲ ಕಾಫಿ ಉಕ್ಕಿಯೇ ಹೋಯಿತು. ಅತ್ತೆಯದ್ದು ಬರೀ ಗಲಿಬಿಲಿ. ಇದು ಹಾಗಲ್ಲ, ಒಬ್ಬರ ಮನೆ ಬಾಗಿಲನ್ನು ನಾನು ಇನ್ನೊಬ್ಬರಿಗೆ ತೆರೆದುಕೊಟ್ಟಿದ್ದೆ. ಪಾಟೀಲ್ ಸರ್ ಒಳ್ಳೆಯವರು, ಫೋನ್ ಮಾಡಿದರು. ಮಾಡದವರು ಎಷ್ಟು ಜನ?

ಆಗಿದ್ದೇನು ಅಂತ ಹೇಳೋಕೆ ಮುಂಚೆ ಬಟನ್ ಒತ್ತಿದರೆ ಏನಾಗುತ್ತೆ ಅಂತ ಸ್ವಲ್ಪ ಹೇಳಬೇಕು. ಓಆತ್ ಅನ್ನೋದು ಮೂಲತಃ ಅನುಮತಿಯ ಪದ್ಧತಿ: ನನ್ನ ಪಾಸ್‌ವರ್ಡ್ ಕೊಡದೆ, ನನ್ನ ಮಾಹಿತಿಯನ್ನು ಬೇರೆ ಆ್ಯಪ್ ನೋಡಲಿ ಅಂತ ಒಪ್ಪಿಗೆ ಕೊಡೋದು. ಅದರ ಮೇಲೆ ಓಪನ್‌ಐಡಿ ಕನೆಕ್ಟ್ ಅನ್ನೋ ಇನ್ನೊಂದು ಪದರ ಇದೆ, 'ಇವರು ಯಾರು' ಅಂತ ಹೇಳೋದು ಅದೇ. ಬಟನ್ ಒತ್ತಿದರೆ ಬಳಕೆದಾರರು ಗೂಗಲ್ ಪುಟಕ್ಕೆ ಹೋಗುತ್ತಾರೆ, ಅಲ್ಲಿ ತಮ್ಮ ಖಾತೆ ಆರಿಸುತ್ತಾರೆ, ಗೂಗಲ್ ಒಂದು ಸಣ್ಣ ಕೋಡ್ ಕೊಟ್ಟು ನಮ್ಮಲ್ಲಿಗೆ ವಾಪಸ್ ಕಳಿಸುತ್ತೆ. ನಮ್ಮ ಸರ್ವರ್ ಆ ಕೋಡನ್ನು ನೇರವಾಗಿ ಗೂಗಲ್‌ಗೆ ಕೊಟ್ಟು, ಬದಲಿಗೆ ಸಹಿ ಮಾಡಿದ ಒಂದು ಚೀಟಿ ಪಡೆಯುತ್ತೆ. ಐಡಿ ಟೋಕನ್ ಅಂತಾರೆ. ಒಳಗೆ ಹೀಗಿರುತ್ತೆ:

```json
{
  "iss": "https://accounts.google.com",
  "sub": "10472938475610293847",
  "email": "user@example.com",
  "email_verified": true
}
```

ಇನ್ನೂ ಕೆಲವು ಸಾಲು ಇರುತ್ತವೆ. ಸಹಿ ಸರಿ ಇದೆಯಾ, ಚೀಟಿ ನಮ್ಮ ಆ್ಯಪಿಗೇ ಬರೆದದ್ದಾ, ಅವಧಿ ಮುಗಿದಿಲ್ಲವಾ ಅನ್ನೋದನ್ನೆಲ್ಲ ಲೈಬ್ರರಿ ನೋಡುತ್ತೆ, ಆ ಭಾಗ ನಾನು ಸರಿಯಾಗೇ ಮಾಡಿದ್ದೆ. ತಪ್ಪಿದ್ದು ಅದರ ನಂತರದ ಒಂದೇ ಸಾಲಿನಲ್ಲಿ:

```sql
SELECT id FROM users WHERE email = $1;
```

ಚೀಟಿಯಲ್ಲಿರೋ ಇಮೇಲ್ ನಮ್ಮ ಪಟ್ಟಿಯಲ್ಲಿ ಇದ್ದರೆ ಆ ಖಾತೆಗೆ ಒಳಗೆ ಬಿಡು, ಇಲ್ಲದಿದ್ದರೆ ಹೊಸದು ಮಾಡು. ಅಷ್ಟೇ. ಹತ್ತು ನಿಮಿಷದ ಕೆಲಸ. ನೀವೂ ಹೀಗೇ ಬರೆದಿರಬಹುದು, ಬೇಜಾರು ಮಾಡಿಕೊಳ್ಳಬೇಡಿ, ಮುಂದೆ ಓದಿ.

ಪ್ರಭಾಕರ್ ಸರ್‌ಗೆ ಫೋನ್ ಮಾಡಿದೆ. ಅವರು ಮೊದಲು ಹೇಳಿದ್ದು, "ಬಟನ್ ಮುಚ್ಚಿಬಿಡಮ್ಮ, ಆಮೇಲೆ ಮಾತಾಡೋಣ." ಮುಚ್ಚಿದೆ. ಆ ಬಟನ್‌ನಿಂದ ಒಳಗೆ ಬಂದವರನ್ನೆಲ್ಲ ಲಾಗ್‌ಔಟ್ ಮಾಡಿಸಿದೆ. ಆಮೇಲೆ ಅವರು ಕೇಳಿದರು: "ಗೂಗಲ್ ಇಮೇಲನ್ನ ಪರೀಕ್ಷೆ ಮಾಡಿ ಕೊಡುತ್ತೆ, ಸರಿ. ನಮ್ಮ ಪಟ್ಟಿಯಲ್ಲಿರೋ ಇಮೇಲನ್ನ ಯಾರು ಪರೀಕ್ಷೆ ಮಾಡಿದ್ದು?"

ಯಾರೂ ಮಾಡಿರಲಿಲ್ಲ. ನಾಲ್ಕು ವರ್ಷದ ಹಿಂದೆ, ನೋಂದಣಿ ಸರಳವಾಗಿರಲಿ ಅಂತ, 'ನಿಮ್ಮ ಇಮೇಲಿಗೆ ಬಂದ ಲಿಂಕ್ ಒತ್ತಿ' ಅನ್ನೋ ಹಂತವನ್ನೇ ಬಿಟ್ಟಿದ್ದೆವು. ಯಾರು ಯಾವ ಇಮೇಲ್ ಬರೆದರೂ ಖಾತೆ ತೆರೆಯುತ್ತಿತ್ತು. ರಾಜಾಜಿನಗರದ ಒಬ್ಬ ಪಾಟೀಲ್ ಮೇಡಂ ತಮ್ಮ ಇಮೇಲಿನ ಕೊನೆಯ ಎರಡು ಅಂಕಿ ಬಿಟ್ಟು ಟೈಪ್ ಮಾಡಿದ್ದರು. ಆ ಎರಡು ಅಂಕಿ ಇಲ್ಲದ ವಿಳಾಸ ಹುಬ್ಬಳ್ಳಿಯ ಪಾಟೀಲ್ ಸರ್ ಅವರದ್ದು. ಆರ್ಡರ್ ವಿಷಯವೆಲ್ಲ ಮೇಡಂಗೆ ಎಸ್‌ಎಂಎಸ್‌ನಲ್ಲಿ ಹೋಗುತ್ತಿತ್ತು, ಹಾಗಾಗಿ ಇಮೇಲ್ ತಪ್ಪಿದೆ ಅಂತ ಅವರಿಗೆ ಎರಡು ವರ್ಷ ಗೊತ್ತೇ ಆಗಲಿಲ್ಲ. ನಮ್ಮ ರಸೀದಿ ಇಮೇಲ್‌ಗಳು ಪಾಟೀಲ್ ಸರ್ ಅವರ ಸ್ಪ್ಯಾಮ್‌ನಲ್ಲಿ ಬಿದ್ದಿದ್ದವಂತೆ.

ಅಂದರೆ ನಮ್ಮ ಪಟ್ಟಿಯಲ್ಲಿದ್ದ ಇಮೇಲ್ ಬರೀ ಒಂದು ಹೇಳಿಕೆ. ಗೂಗಲ್ ಕೊಟ್ಟ ಇಮೇಲ್ ಸಾಬೀತಾದದ್ದು. ನಾನು ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಸಮ ಅಂದಿದ್ದೆ.

ಪಾಟೀಲ್ ಮೇಡಂದು ಕೈತಪ್ಪು. ಇದನ್ನೇ ಬೇಕೆಂದು ಮಾಡಿದರೆ? ನಿಮ್ಮ ಜಿಮೇಲ್ ವಿಳಾಸ ನನಗೆ ಗೊತ್ತು ಅಂದುಕೊಳ್ಳಿ. ನೀವು ಇನ್ನೂ ಆ ಆ್ಯಪಿಗೆ ಸೇರಿಲ್ಲ. ನಿಮ್ಮ ಇಮೇಲ್ ಮತ್ತು ನನ್ನ ಇಷ್ಟದ ಪಾಸ್‌ವರ್ಡ್ ಹಾಕಿ ನಾನು ಮುಂಚೆಯೇ ಒಂದು ಖಾತೆ ತೆರೆದು ಸುಮ್ಮನೆ ಕೂರುತ್ತೇನೆ. ಆರು ತಿಂಗಳಾದ ಮೇಲೆ ನೀವು ಬಂದು ಗೂಗಲ್ ಬಟನ್ ಒತ್ತುತ್ತೀರಿ. ಆ್ಯಪ್ 'ಇಮೇಲ್ ಒಂದೇ' ಅಂತ ನಿಮ್ಮನ್ನು ನಾನು ತೆರೆದ ಖಾತೆಗೇ ಸೇರಿಸುತ್ತೆ. ನೀವು ವಿಳಾಸ ತುಂಬುತ್ತೀರಿ, ದುಡ್ಡು ಹಾಕುತ್ತೀರಿ. ನನ್ನ ಪಾಸ್‌ವರ್ಡ್ ಇನ್ನೂ ನಡೆಯುತ್ತೆ. ನಿಮಗೆ ಯಾವ ಅನುಮಾನವೂ ಬರೋಲ್ಲ, ಯಾಕಂದ್ರೆ ನೀವು ಪಾಸ್‌ವರ್ಡನ್ನೇ ಬಳಸುತ್ತಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ 'ಪ್ರಿ-ಹೈಜ್ಯಾಕಿಂಗ್' ಅಂತ ಹೆಸರಿದೆ. 2022ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 75 ಜನಪ್ರಿಯ ಆನ್‌ಲೈನ್ ಸೇವೆಗಳನ್ನು ಪರೀಕ್ಷಿಸಿದಾಗ ಕನಿಷ್ಠ 35ರಲ್ಲಿ ಈ ಜಾತಿಯ ಯಾವುದಾದರೊಂದು ತೂತು ಸಿಕ್ಕಿತ್ತು. ದೊಡ್ಡ ದೊಡ್ಡವರದ್ದೇ. ಹಾಗಾಗಿ ನನಗೆ ನಾಚಿಕೆ ಸ್ವಲ್ಪ ಕಡಿಮೆಯಾಯಿತು, ಸ್ವಲ್ಪ ಮಾತ್ರ.

ಭಾನುವಾರ ಆಫೀಸಿಗೆ ಹೋಗಿ ಮೊದಲು ಮಾಡಿದ ಕೆಲಸ, ಎರಡು ದಿನದಲ್ಲಿ ಹೀಗೆ ಸೇರಿಕೊಂಡ ಹಳೆ ಖಾತೆಗಳನ್ನೆಲ್ಲ ತೆಗೆದು, ಗೂಗಲ್ ಹೇಳಿದ ಹೆಸರು ಮತ್ತು ನಮ್ಮಲ್ಲಿದ್ದ ಹೆಸರು ಪಕ್ಕಪಕ್ಕ ಇಟ್ಟು ನೋಡಿದ್ದು. ಬಹುಪಾಲು ಒಂದೇ. ಒಂಬತ್ತು ಕಡೆ ಬೇರೆ. ಅದರಲ್ಲಿ ಆರು ಮನೆಯವರೇ: ಗಂಡನ ಇಮೇಲಿನಲ್ಲಿ ಹೆಂಡತಿಯ ಖಾತೆ, ಮಗಳ ಇಮೇಲಿನಲ್ಲಿ ಅಪ್ಪನ ಖಾತೆ. ನಮ್ಮ ಕಡೆ ಇದು ಬಹಳ ಸಾಮಾನ್ಯ ಅಲ್ವಾ? ಇನ್ನು ಮೂರು, ಪರಸ್ಪರ ಯಾವ ಸಂಬಂಧವೂ ಇಲ್ಲದವರು. ಪಾಟೀಲ್ ಜೋಡಿ ಅದರಲ್ಲೊಂದು. ಹೆಸರಿನ ಜೊತೆಗೆ ಇನ್ನೊಂದು ಸುಳಿವೂ ಸಿಕ್ಕಿತು. ಒಂದೇ ಖಾತೆಗೆ ಅರ್ಧ ಗಂಟೆಯ ಅಂತರದಲ್ಲಿ ಬೆಂಗಳೂರಿನಿಂದ ಪಾಸ್‌ವರ್ಡ್ ಹಾಕಿ, ಹುಬ್ಬಳ್ಳಿಯಿಂದ ಗೂಗಲ್ ಒತ್ತಿ ಲಾಗಿನ್ ಆಗಿತ್ತು. ಇಂಥದ್ದು ಕಂಡರೆ ಒಳಗೆ ಇಬ್ಬರಿದ್ದಾರೆ ಅಂತಲೇ ಲೆಕ್ಕ.

ಸೋಮವಾರ ಹೊಸದಾಗಿ ಶುರು ಮಾಡಿದೆವು. ಈ ಸಲ ಇಮೇಲನ್ನು ಗುರುತಾಗಿ ಬಳಸೋದನ್ನೇ ಬಿಟ್ಟೆವು.

ಮೇಲಿನ ಚೀಟಿಯಲ್ಲಿ `sub` ಅಂತ ಉದ್ದದ ಸಂಖ್ಯೆ ಇದೆ ನೋಡಿ, ಗೂಗಲ್ ಖಾತೆಯ ನಿಜವಾದ ಗುರುತು ಅದು. ಅದು ಬದಲಾಗೋಲ್ಲ, ಇನ್ನೊಬ್ಬರಿಗೆ ಮತ್ತೆ ಕೊಡೋದೂ ಇಲ್ಲ. ಇಮೇಲ್ ಹಾಗಲ್ಲ. ಬಳಸದೆ ಬಿಟ್ಟ ಮೊಬೈಲ್ ನಂಬರ್ ಕೆಲವು ತಿಂಗಳ ನಂತರ ಬೇರೆಯವರಿಗೆ ಹೋಗುತ್ತಲ್ಲ, ಹಾಗೇ. ಕಂಪನಿಯಲ್ಲಿ ಒಬ್ಬ ಸುರೇಶ್ ಕೆಲಸ ಬಿಟ್ಟ ಮೇಲೆ ಮುಂದೆ ಬಂದ ಸುರೇಶ್‌ಗೆ ಅದೇ ಇಮೇಲ್ ಸಿಗಬಹುದು. ಇಮೇಲ್ ನಂಬಿದರೆ ಹೊಸ ಸುರೇಶ್ ಹಳೆಯ ಸುರೇಶನ ಖಾತೆಗೆ ಬರುತ್ತಾನೆ, `sub` ನಂಬಿದರೆ ಬರೋಲ್ಲ.

ಅದಕ್ಕೇ ಬೇರೆ ಒಂದು ಟೇಬಲ್:

```sql
CREATE TABLE identities (
  user_id  bigint NOT NULL REFERENCES users(id),
  provider text NOT NULL,
  subject  text NOT NULL,
  PRIMARY KEY (provider, subject)
);
```

ಒಬ್ಬ ಮನುಷ್ಯನಿಗೆ `users`ನಲ್ಲಿ ಒಂದು ಸಾಲು. ಅವರು ಒಳಗೆ ಬರೋ ದಾರಿಗಳು ಎಷ್ಟಿದ್ದರೂ `identities`ನಲ್ಲಿ ಅಷ್ಟು ಸಾಲು. ಯಾರಾದರೂ ಗೂಗಲ್ ಬಟನ್ ಒತ್ತಿದರೆ ಮೊದಲು ನೋಡೋದು ಇಲ್ಲಿ, `google` ಮತ್ತು ಆ `sub` ಇದೆಯಾ ಅಂತ. ಇದ್ದರೆ ಮುಗೀತು, ಇಮೇಲ್ ಕಡೆ ತಲೆಯೆತ್ತಿಯೂ ನೋಡಬೇಕಿಲ್ಲ. ನಾಳೆ ಅವರು ಇಮೇಲ್ ಬದಲಿಸಿದರೂ ಅದೇ ಖಾತೆ.

ಕಷ್ಟ ಇರೋದು ಮೊದಲ ಸಲ ಬಂದವರದ್ದು. `sub` ನಮಗೆ ಹೊಸದು, ಆದರೆ ಇಮೇಲ್ ನಮ್ಮ ಪಟ್ಟಿಯಲ್ಲಿ ಇದೆ. ಸುಮಾರು ಎಲ್ಲರೂ ನಿಜಕ್ಕೂ ಆ ಹಳೆ ಖಾತೆಯವರೇ. ಅವರನ್ನು ಹೊರಗೆ ನಿಲ್ಲಿಸೋ ಹಾಗಿಲ್ಲ. ಅಲ್ಲೊಬ್ಬ ಪಾಟೀಲ್ ಸರ್ ಇರಬಹುದು ಅಂತ ಸುಮ್ಮನೆ ಒಳಗೆ ಬಿಡೋ ಹಾಗೂ ಇಲ್ಲ. ಹಾಗಾಗಿ ಕೇಳೋಣ ಅಂತ ತೀರ್ಮಾನವಾಯಿತು: "ಈ ಇಮೇಲಿನಲ್ಲಿ ಈಗಾಗಲೇ ಒಂದು ಖಾತೆ ಇದೆ. ನಿಮ್ಮದೇ ಆದರೆ ಅದರ ಪಾಸ್‌ವರ್ಡ್ ಒಂದು ಸಲ ಹಾಕಿ, ಮುಂದೆ ಬೇಕಾಗುವುದಿಲ್ಲ." ಪಾಸ್‌ವರ್ಡ್ ಸರಿಯಿದ್ದರೆ `identities`ಗೆ ಒಂದು ಸಾಲು ಸೇರಿಸಿ ಜೋಡಿಸೋದು. ಪಾಸ್‌ವರ್ಡ್ ಗೊತ್ತಿದೆ ಅಂದರೆ ಹಳೆ ಖಾತೆ ಅವರದ್ದು, ಗೂಗಲ್ ಒಳಗೆ ಬಿಟ್ಟಿದೆ ಅಂದರೆ ಇಮೇಲೂ ಅವರದ್ದು. ಎರಡೂ ಕೈ ಒಬ್ಬರದ್ದೇ ಅಂತ ಸಾಬೀತಾಯಿತು.

"ಖಾತೆ ಇದೆ ಅಂತ ಹೇಳಿಬಿಟ್ಟರೆ ಅದೂ ಗುಟ್ಟು ಬಿಟ್ಟುಕೊಟ್ಟ ಹಾಗಲ್ವಾ?" ಅಂತ ನಾನು ಕೇಳಿದೆ. ಸಾಮಾನ್ಯ ಲಾಗಿನ್ ಪುಟದಲ್ಲಿ ಹೌದು, ಅಲ್ಲಿ ಯಾರು ಬೇಕಾದರೂ ಯಾರ ಇಮೇಲ್ ಬೇಕಾದರೂ ಹಾಕಿ ನೋಡಬಹುದು. ಇಲ್ಲಿ ಗೂಗಲ್ ದಾಟಿ ಬಂದವರಿಗೆ, ಅವರದೇ ಇಮೇಲಿನ ಬಗ್ಗೆ ಮಾತ್ರ ಹೇಳುತ್ತಿದ್ದೇವೆ.

ಸರಿ, ಪಾಸ್‌ವರ್ಡ್ ಮರೆತಿದ್ದರೆ? ಮರೆತಿದ್ದಾರೆ ಅಂತಾನೇ ಅಲ್ವಾ ಈ ಬಟನ್ ಹಾಕಿದ್ದು! ನಾನು ಸಲೀಸಾಗಿ "ಇಮೇಲಿಗೆ ರೀಸೆಟ್ ಲಿಂಕ್ ಕಳಿಸೋಣ ಸರ್" ಅಂದೆ. ಪ್ರಭಾಕರ್ ಸರ್ ನನ್ನ ಮುಖ ನೋಡಿದರು. ಆಗ ಹೊಳೆಯಿತು. ಪಾಟೀಲ್ ಸರ್ ಗೂಗಲ್ ಬಟನ್ ಒತ್ತದೆ, 'ಪಾಸ್‌ವರ್ಡ್ ಮರೆತೆ' ಅಂತ ಒತ್ತಿದ್ದರೂ ಲಿಂಕ್ ಹೋಗುತ್ತಿದ್ದದ್ದು ಹುಬ್ಬಳ್ಳಿಗೇ. ಅಂದರೆ ಆ ತೂತು ಗುರುವಾರ ಹುಟ್ಟಿದ್ದಲ್ಲ. ನಾಲ್ಕು ವರ್ಷದಿಂದ ಇತ್ತು. ಗೂಗಲ್ ಬಟನ್ ಅದರ ಮೇಲೆ ಒಂದು ದೊಡ್ಡ ಬೋರ್ಡ್ ತೂಗುಹಾಕಿತು, ಅಷ್ಟೇ.

ಆದ್ದರಿಂದ ಇಮೇಲ್ ಸಾಬೀತಾಗದ ಹಳೆ ಖಾತೆಗಳಿಗೆ ಬೇರೆ ದಾರಿ ಬೇಕಿತ್ತು. ನಮ್ಮ ಅದೃಷ್ಟಕ್ಕೆ ಮೊಬೈಲ್ ನಂಬರ್ ಇತ್ತು. ಡೆಲಿವರಿ ಹುಡುಗ ಗೇಟಿನ ಹತ್ತಿರ ನಿಂತು ಆ ನಂಬರಿಗೇ ಫೋನ್ ಮಾಡುತ್ತಾನೆ, ಹಾಗಾಗಿ ಅದು ತಪ್ಪಿರೋ ಸಾಧ್ಯತೆ ಕಡಿಮೆ. ಪಾಸ್‌ವರ್ಡ್ ಮರೆತವರಿಗೆ ಖಾತೆಯಲ್ಲಿರೋ ಮೊಬೈಲಿಗೆ ಓಟಿಪಿ. ನಂಬರಿನ ಕೊನೆಯ ಎರಡು ಅಂಕಿ ಮಾತ್ರ ತೋರಿಸುತ್ತೇವೆ. ಓಟಿಪಿ ಸರಿ ಬಂದರೆ ಜೋಡಿಸಿ, ಹಳೆ ಪಾಸ್‌ವರ್ಡ್ ರದ್ದು ಮಾಡಿ, ಎಲ್ಲ ಫೋನುಗಳಿಂದಲೂ ಲಾಗ್‌ಔಟ್ ಮಾಡಿಸುತ್ತೇವೆ. ಇದನ್ನು ಮರೆಯಬಾರದು. ಖಾತೆಯನ್ನು ಮುಂಚೆಯೇ ಬೇರೆಯವರು ತೆರೆದಿದ್ದರೆ ಅವರ ಪಾಸ್‌ವರ್ಡ್ ಅಥವಾ ತೆರೆದಿಟ್ಟ ಲಾಗಿನ್ ಒಳಗೇ ಉಳಿದುಬಿಡುತ್ತೆ.

ಪಾಸ್‌ವರ್ಡೂ ಇಲ್ಲ, ಓಟಿಪಿಯೂ ಬರೋಲ್ಲ ಅಂದರೆ, ಅವರು ಪಾಟೀಲ್ ಸರ್. "ಇದು ನನ್ನ ಖಾತೆಯಲ್ಲ" ಅಂತ ಒಂದು ಬಟನ್ ಇದೆ. ಒತ್ತಿದರೆ ಅವರಿಗೆ ಹೊಸ ಖಾತೆ, ಸಾಬೀತಾದ ಆ ಇಮೇಲ್ ಅವರ ಹೆಸರಿಗೆ. ಹಳೆ ಖಾತೆಯಿಂದ ಆ ಇಮೇಲನ್ನು ತೆಗೆಯುತ್ತೇವೆ. ಅವರ ದುಡ್ಡು, ಆರ್ಡರು, ಪಾಸ್‌ವರ್ಡ್ ಎಲ್ಲ ಹಾಗೇ ಇರುತ್ತೆ, ಆದರೆ ಇಮೇಲ್ ಹೋದ ಮೇಲೆ ಲಾಗಿನ್ ಆಗೋದು ಹೇಗೆ ಅಂತ ನಾವು ಅರ್ಧ ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ಇಮೇಲ್ ಜಾಗದಲ್ಲಿ ಮೊಬೈಲ್ ನಂಬರೂ ನಡೆಯೋ ಹಾಗೆ ಮಾಡಿ, ಒಳಗೆ ಬಂದ ತಕ್ಷಣ ಸರಿಯಾದ ಇಮೇಲ್ ಕೇಳೋ ಹಾಗೆ ಮಾಡಿದೆವು. ಈ ಸಲ ಲಿಂಕ್ ಒತ್ತಲೇಬೇಕು.

ಇಷ್ಟರ ಮೇಲೆ ನನಗೊಂದು ಆಸೆ ಉಳಿದಿತ್ತು. ನಮ್ಮಲ್ಲೂ ಇಮೇಲ್ ಸಾಬೀತಾಗಿದೆ, ಆ ಕಡೆಯೂ `email_verified` ನಿಜ ಅಂತಿದೆ ಅಂದರೆ ಏನೂ ಕೇಳದೆ ಜೋಡಿಸಬಹುದಲ್ಲ? ಗೂಗಲ್ ವಿಷಯದಲ್ಲಿ, ಒಂದು ಮಿತಿಯೊಳಗೆ, ಹೌದು. ವಿಳಾಸ `@gmail.com` ಅಂತ ಮುಗಿದರೆ ಆ ಅಂಚೆಪೆಟ್ಟಿಗೆಯ ಯಜಮಾನ ಗೂಗಲ್ಲೇ, ಅದರ ಮಾತು ನಂಬಬಹುದು. ಕಂಪನಿಗಳ ಗೂಗಲ್ ಖಾತೆಯಾದರೆ ಚೀಟಿಯಲ್ಲಿ `hd` ಅನ್ನೋ ಸಾಲು ಇರುತ್ತೆ, ಅದೂ ಸರಿ. ಆದರೆ ಯಾಹೂ ವಿಳಾಸ ಕೊಟ್ಟೂ ಗೂಗಲ್ ಖಾತೆ ತೆರೆಯಬಹುದು. ಅಲ್ಲಿ ಗೂಗಲ್ ಪರೀಕ್ಷೆ ಮಾಡಿದ್ದು ಯಾವತ್ತೋ ಒಂದು ದಿನ, ಆಮೇಲೆ ಆ ಯಾಹೂ ಪೆಟ್ಟಿಗೆ ಯಾರ ಕೈಗೆ ಹೋಯಿತೋ ಅದಕ್ಕೆ ಗೊತ್ತಿರೋಲ್ಲ. ಇನ್ನು 2023ರ ಜೂನ್‌ನಲ್ಲಿ ಬಯಲಾದ 'ಎನ್‌ಓಆತ್' ಅನ್ನೋ ಪ್ರಕರಣ ಓದಿದ ಮೇಲೆ ಎಲ್ಲ ಕಂಪನಿಗಳ ಚೀಟಿಯನ್ನೂ ಒಂದೇ ಥರ ನಂಬೋ ಧೈರ್ಯ ಹೋಯಿತು. ಮೈಕ್ರೋಸಾಫ್ಟಿನ ಕಂಪನಿ ಖಾತೆಗಳಲ್ಲಿ ಆಡಳಿತಗಾರರು ಒಬ್ಬ ಬಳಕೆದಾರನ ಇಮೇಲ್ ಜಾಗದಲ್ಲಿ ಬೇರೆಯವರ ವಿಳಾಸ ಬರೆಯಬಹುದಿತ್ತು, ಪರೀಕ್ಷೆ ಇಲ್ಲದೆ. ಇಮೇಲ್ ನೋಡಿ ಜೋಡಿಸುತ್ತಿದ್ದ ಆ್ಯಪುಗಳಲ್ಲಿ ಹಾಗೆ ಯಾರ ಖಾತೆಗೆ ಬೇಕಾದರೂ ನುಗ್ಗಬಹುದಿತ್ತು. ನಾವು ಕೊನೆಗೆ, ಎರಡೂ ಕಡೆ ಸಾಬೀತಾದ ಜಿಮೇಲ್‌ಗೆ ಮಾತ್ರ ಕೇಳದೆ ಜೋಡಿಸಿ, ಹಾಗೆ ಮಾಡಿದ್ದೇವೆ ಅಂತ ಒಂದು ಎಸ್‌ಎಂಎಸ್ ಕಳಿಸುತ್ತೇವೆ. ಮಿಕ್ಕವರಿಗೆಲ್ಲ ಪ್ರಶ್ನೆ.

'ನಮ್ಮಲ್ಲೂ ಸಾಬೀತಾಗಿದೆ' ಅಂತ ಹೇಳೋಕೆ ನಮ್ಮ ಹತ್ತಿರ ಏನಿತ್ತು ಅಂತ ಕೇಳಬಹುದು. `email_verified_at` ಅನ್ನೋ ಅಂಕಣವನ್ನೇ ಈಗ ಸೇರಿಸಿದ್ದು. ಎಲ್ಲರಿಗೂ ಖಾಲಿ ಇಟ್ಟು ಶುರು ಮಾಡಿದೆವು, ಪಾಸ್‌ವರ್ಡ್ ಹಾಕಿ ಜೋಡಿಸಿಕೊಂಡವರಿಗೆ ಅವತ್ತಿನ ತಾರೀಖು ತುಂಬುತ್ತೆ. ನಿಧಾನ ಆಗುತ್ತೆ, ಆಗಲಿ.

ಈಗ ಅತ್ತೆಯ ವಿಷಯ. ಅವರದ್ದು ಇಮೇಲ್ ಹೊಂದದೇ ಇರೋ ಪ್ರಕರಣ. ನಮ್ಮ ಹೊಸ ಪುಟ ಈಗ ಗೊತ್ತಿಲ್ಲದ ಇಮೇಲ್ ಬಂದರೆ ಹೊಸ ಖಾತೆ ತೆರೆಯೋ ಮುಂಚೆ "ನೀವು ಮೊದಲೇ ನಮ್ಮಲ್ಲಿ ಆರ್ಡರ್ ಮಾಡಿದ್ದೀರಾ?" ಅಂತ ಕೇಳುತ್ತೆ. ಹೌದು ಅಂದರೆ ಹಳೆ ಇಮೇಲ್ ಅಥವಾ ಮೊಬೈಲ್ ಹಾಕಿ ಲಾಗಿನ್ ಆಗೋಕೆ ಹೇಳಿ, ಆಮೇಲೆ ಗೂಗಲ್ ಜೋಡಿಸುತ್ತೆ. ಈ ಒಂದು ಪ್ರಶ್ನೆ ಆ್ಯಪಲ್ ಬಟನ್ ಸೇರಿಸಿದಾಗ ಇನ್ನೂ ಉಪಯೋಗಕ್ಕೆ ಬಂತು. ಅಲ್ಲಿ 'ಇಮೇಲ್ ಮರೆಮಾಡು' ಅಂತ ಆರಿಸಿದರೆ ನಮಗೆ ಸಿಗೋದು `@privaterelay.appleid.com` ಅಂತ ಮುಗಿಯೋ ಒಂದು ಬದಲಿ ವಿಳಾಸ. ಅದು ನಮ್ಮ ಹಳೆ ಪಟ್ಟಿಯ ಯಾವುದರ ಜೊತೆಗೂ ಹೊಂದೋ ಮಾತೇ ಇಲ್ಲ. ಅಂದಹಾಗೆ ಆ್ಯಪಲ್ ಬಳಕೆದಾರರ ಹೆಸರು ಕೊಡೋದು ಮೊದಲ ಸಲ ಮಾತ್ರ. ಅವತ್ತು ಬರೆದಿಟ್ಟುಕೊಳ್ಳದಿದ್ದರೆ ಮುಂದಿನ ಲಾಗಿನ್‌ನಲ್ಲಿ ಸಿಗೋಲ್ಲ. ಟೆಸ್ಟ್ ಮಾಡುವಾಗ ಇದರಿಂದ ನಾನು ಒಂದು ಮಧ್ಯಾಹ್ನ ಕಳೆದುಕೊಂಡೆ.

ಜಿಮೇಲಿನಲ್ಲಿ ಇನ್ನೊಂದು ಚಿಕ್ಕ ಕಿರಿಕಿರಿ, ಚುಕ್ಕಿ. ಜಿಮೇಲ್ ವಿಳಾಸದ ಹೆಸರಿನ ನಡುವೆ ಚುಕ್ಕಿ ಹಾಕಿದರೂ ಬಿಟ್ಟರೂ ಪತ್ರ ಹೋಗೋದು ಒಂದೇ ಪೆಟ್ಟಿಗೆಗೆ, ಆದರೆ ನಮ್ಮ ಡೇಟಾಬೇಸಿಗೆ ಅವು ಎರಡು ಬೇರೆ ಅಕ್ಷರ ಸಾಲು. ಚುಕ್ಕಿ ಬಿಟ್ಟು ನೋಂದಾಯಿಸಿದವರು ಗೂಗಲ್ ಒತ್ತಿದರೆ ಹೊಸಬರಾಗುತ್ತಾರೆ. ಅದಕ್ಕೂ ಆ ಪ್ರಶ್ನೆಯೇ ಮದ್ದು.

ಆದರೆ ಅತ್ತೆಗೆ ಗುರುವಾರದ ಖಾಲಿ ಖಾತೆ ಆಗಲೇ ಅಂಟಿಕೊಂಡಿತ್ತು. ಹಳೆ ಖಾತೆಗೆ ಹೋಗಿ ಸೆಟ್ಟಿಂಗ್ಸ್‌ನಲ್ಲಿ 'ಗೂಗಲ್ ಜೋಡಿಸಿ' ಒತ್ತಿದರೆ, ಆ `sub` ಬೇರೆ ಖಾತೆಗೆ ಸೇರಿದೆ ಅಂತ ಟೇಬಲ್ ತಡೆಯುತ್ತೆ. ತಡೆಯಲೇಬೇಕು, ಪ್ರೈಮರಿ ಕೀ ಇಟ್ಟಿದ್ದೇ ಅದಕ್ಕೆ. ಎರಡು ಖಾತೆ ಬೆರೆಸೋ ಕೋಡ್ ಬರೆಯೋದು ದೊಡ್ಡ ಕೆಲಸ: ಎರಡು ವ್ಯಾಲೆಟ್, ಎರಡು ವಿಳಾಸ ಪಟ್ಟಿ, ಅರ್ಧ ದಾರಿಯಲ್ಲಿರೋ ಆರ್ಡರು. ನಾವು ಅಷ್ಟು ದೂರ ಹೋಗಲಿಲ್ಲ. ಖಾಲಿ ಖಾತೆಯಲ್ಲಿ ಆರ್ಡರ್ ಇಲ್ಲ, ವ್ಯಾಲೆಟ್ ಸೊನ್ನೆ ಅಂತ ಆದರೆ ಮಾತ್ರ, ಗೂಗಲ್ ಸಾಲನ್ನು ಹಳೆ ಖಾತೆಗೆ ಸರಿಸಿ ಖಾಲಿ ಖಾತೆ ಅಳಿಸೋದು, ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ಬೇರೆ ಏನಿದ್ದರೂ ಕಸ್ಟಮರ್ ಕೇರ್‌ಗೆ.

'ಗೂಗಲ್ ಜೋಡಿಸಿ' ಬಟನ್ ಬಗ್ಗೆ ಒಂದು ಎಚ್ಚರಿಕೆ. ಗೂಗಲ್‌ಗೆ ಕಳಿಸುವಾಗ `state` ಅಂತ ಒಂದು ಗೊತ್ತಾಗದ ಸಂಖ್ಯೆ ಕಳಿಸಿ, ವಾಪಸ್ ಬಂದಾಗ ಅದೇ ಸಂಖ್ಯೆ ಅದೇ ಬಳಕೆದಾರರ ಲಾಗಿನ್‌ಗೆ ಸೇರಿದ್ದಾ ಅಂತ ನೋಡಬೇಕು. ನೋಡದಿದ್ದರೆ ಒಬ್ಬ ಕಿಡಿಗೇಡಿ ತನ್ನ ಗೂಗಲ್ ಲಾಗಿನ್ನನ್ನು ಅರ್ಧಕ್ಕೆ ನಿಲ್ಲಿಸಿ, ಆ ವಾಪಸ್ ಲಿಂಕನ್ನು ನಿಮಗೆ ವಾಟ್ಸ್ಆ್ಯಪಿನಲ್ಲಿ ಕಳಿಸಬಹುದು. ನೀವು ಒತ್ತಿದ ಕ್ಷಣ ಅವನ ಗೂಗಲ್ ನಿಮ್ಮ ಖಾತೆಗೆ ಜೋಡಣೆ. ಆಮೇಲೆ ಅವನು ತನ್ನ ಬಟನ್ ಒತ್ತಿ ನಿಮ್ಮ ಮನೆಗೆ ಬರುತ್ತಾನೆ. ಸುಮಾರು ಲೈಬ್ರರಿಗಳು ಇದನ್ನು ಲಾಗಿನ್‌ಗೆ ತಾವೇ ಮಾಡುತ್ತವೆ, ಆದರೆ ನಾವು ಕೈಯಾರೆ ಬರೆಯೋ ಜೋಡಣೆಯ ದಾರಿಯಲ್ಲಿ ಮರೆತುಹೋಗುತ್ತೆ. ನಾನು ಮರೆತಿದ್ದೆ. ಪ್ರಭಾಕರ್ ಸರ್ ರಿವ್ಯೂನಲ್ಲಿ ಹಿಡಿದರು.

ಗುರುವಾರಕ್ಕೆ ಸರಿಯಾಗಿ ಒಂದು ವಾರವಾಗಿ ಬಟನ್ ಮತ್ತೆ ತೆರೆಯಿತು. ಅದಕ್ಕೆ ಮುಂಚೆ ಆ ಮೂರು ಖಾತೆಯವರಿಗೆ ಫೋನ್ ಮಾಡಿ, ನಿಮ್ಮ ವಿಳಾಸ ಇನ್ನೊಬ್ಬರಿಗೆ ಕಂಡಿದೆ, ತಪ್ಪು ನಮ್ಮದು ಅಂತ ಹೇಳಬೇಕಿತ್ತು. ಆ ಕೆಲಸ ನಾನೇ ಮಾಡ್ತೀನಿ ಅಂದೆ. ರಾಜಾಜಿನಗರದ ಪಾಟೀಲ್ ಮೇಡಂ ಪೂರ್ತಿ ಕೇಳಿಸಿಕೊಂಡು, "ಈಗ ಓಟಿಪಿ ಕೇಳ್ತೀಯಾ ಅಲ್ವಾ? ಕೇಳು ನೋಡೋಣ" ಅಂದರು. ನಾನು ಏನೂ ಕೇಳೋಲ್ಲ ಮೇಡಂ, ನೀವೇ ಆ್ಯಪ್ ತೆರೆದು ನಿಮ್ಮ ಮೊಬೈಲ್ ನಂಬರ್, ಪಾಸ್‌ವರ್ಡ್ ಹಾಕಿ, ಇಮೇಲ್ ಸರಿ ಮಾಡಿ ಅಂದೆ. ಹತ್ತು ನಿಮಿಷ ಬಿಟ್ಟು ಅವರೇ ಫೋನ್ ಮಾಡಿದರು. ದುಡ್ಡು ಹನ್ನೊಂದುನೂರ ನಲವತ್ತು ಸರಿಯಾಗಿದೆ, ಆದರೆ ಆ ಹುಬ್ಬಳ್ಳಿಯವರ ಹತ್ತಿರ ತಮ್ಮ ವಿಳಾಸ ಇರೋದನ್ನ ಹೇಗೆ ಅಳಿಸ್ತೀರಿ ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲ ಅಂತಲೇ ಹೇಳಿದೆ.

ಸಂಜೆ ಅತ್ತೆಗೆ ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟೆ. ಗಿರೀಶನ ಇಮೇಲ್, ಹಳೆ ಪಾಸ್‌ವರ್ಡ್, ಸೆಟ್ಟಿಂಗ್ಸ್, ಗೂಗಲ್ ಜೋಡಿಸಿ. "ಬಂತು ಕಣೇ, ಏಳುನೂರ ಅರವತ್ತು!" ಅಂತ ಖುಷಿಯಾಗಿ ಕೂಡಲೇ ಅರ್ಧ ಕೆಜಿ ಕೋಡುಬಳೆ ಆರ್ಡರ್ ಮಾಡಿದರು. ಮೂರು ದಿನ ಬಿಟ್ಟು ಪುಣೆಯಿಂದ ಗಿರೀಶ ಮೆಸೇಜ್ ಮಾಡಿದ: "ಅಕ್ಕಾ, ಯಾರೋ ಕೋಡುಬಳೆ ಕಳಿಸಿದ್ದಾರೆ, ನೀನಾ?" ಖಾತೆಯಲ್ಲಿ ಮೊದಲ ವಿಳಾಸ ಅವನದ್ದೇ ಇತ್ತು.